ಫ್ಲ್ಯಾಶ್ ಫೋಟೊದಲ್ಲಿ ಕೆಂಪು ಕಣ್ಣು, ಹೊಳೆಯುವ ಕಣ್ಣು: ಎರಡಕ್ಕೂ ಒಂದೇ ಮದ್ದಲ್ಲ

ಪ್ರಶ್ನೆ: ದೀಪಾವಳಿ ರಾತ್ರಿ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಟೆರೇಸಿನಲ್ಲಿ ಅಮ್ಮನನ್ನೂ ಮಗಳನ್ನೂ ಕೂರಿಸಿ ಚಿಕ್ಕ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ತೆಗೆದೆ. ಮಗಳ ಎರಡೂ ಕಣ್ಣು ಕೆಂಪು. ಅಮ್ಮನ ಪಾಪೆಯೊಳಗೆ ಗಾಜು ಹೊಳೆದ ಹಾಗೆ ಬಿಳಿ ಬೆಳಕು. ಆಪ್‌ನಲ್ಲಿ ರೆಡ್ ಐ ಬಟನ್ ಒತ್ತಿದರೆ ಮಗಳ ಕಣ್ಣು ಕಪ್ಪು ತೂತಿನ ಹಾಗಾಯಿತು, ಅಮ್ಮನದು ಹಾಗೇ ಉಳಿಯಿತು. ದೊಡ್ಡ ಪ್ರಿಂಟ್ ಹಾಕಿಸಬೇಕು. ಏನು ಮಾಡಲಿ?

ಉತ್ತರ: ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿದೆಯಾ? ಆಗಿದ್ದರೆ ಆ ಹೊಳಪಿಗೆ ಬಹುಶಃ ಅದೇ ಕಾರಣ. ಒಳಗೆ ಕೂರಿಸಿದ ಕೃತಕ ಲೆನ್ಸ್ ನಮ್ಮ ಸ್ವಂತ ಲೆನ್ಸಿಗಿಂತ ಜಾಸ್ತಿ ಬೆಳಕನ್ನು ಹಿಂದಕ್ಕೆ ಎರಚುತ್ತದೆ. ತೊಂದರೆಯೇನಿಲ್ಲ, ಫೋಟೊದಲ್ಲಿ ಮಾತ್ರ ಕಾಣುತ್ತದೆ. ಮಗಳ ಕಥೆ ಬೇರೆ: ಕತ್ತಲಲ್ಲಿ ಪಾಪೆ ಅಗಲವಾಗಿ ತೆರೆದಿತ್ತು, ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇತ್ತು, ಹಾಗಾಗಿ ಬೆಳಕು ಕಣ್ಣಿನ ಹಿಂಭಾಗದ ರಕ್ತನಾಳಗಳ ಪದರಕ್ಕೆ ತಾಗಿ ಕೆಂಪಾಗಿ ನೇರ ಕ್ಯಾಮೆರಾಕ್ಕೇ ವಾಪಸ್ ಬಂತು. ಆಪ್‌ನ ಬಟನ್ ಹುಡುಕುವುದು ಕೆಂಪನ್ನು, ಅಮ್ಮನ ಕಣ್ಣಲ್ಲಿ ಕೆಂಪೇ ಇಲ್ಲವಲ್ಲ.

ಮೊದಲು ಮಗಳದು. ಫೋಟೊ ತಿದ್ದುವ ಗಿಂಪ್ ಸಾಫ್ಟ್‌ವೇರ್ ಉಚಿತ, ಅದರಲ್ಲೇ ಹೇಳುತ್ತೇನೆ. ಫೋಟೊ ತೆರೆದು Layer > Duplicate Layer ಮಾಡಿ, ಮೂಲವನ್ನು ಮುಟ್ಟಬೇಡಿ. ಕಣ್ಣು ಪರದೆ ತುಂಬುವಷ್ಟು ಜೂಮ್ ಮಾಡಿ, Ellipse Select ನಿಂದ ಕೆಂಪು ಪಾಪೆಯನ್ನಷ್ಟೇ ಸುತ್ತುವರಿಯಿರಿ. ಅಂಚು ಗೀರಿದಂತೆ ಕಾಣಬಾರದು, ಅದಕ್ಕೆ Select > Feather ನಲ್ಲಿ 2 ಪಿಕ್ಸೆಲ್ ಸಾಕು. ಈಗ Colors > Components > Channel Mixer. ಫೋಟೊದ ಬಣ್ಣವೆಲ್ಲ ಕೆಂಪು, ಹಸಿರು, ನೀಲಿ ಸೇರಿ ಆದದ್ದು, ಒಂದೊಂದೂ ಒಂದು ಚಾನೆಲ್. ಅಲ್ಲಿ ಕೆಂಪು ಚಾನೆಲ್‌ನ ಮೂರು ಸ್ಲೈಡರ್‌ಗಳಲ್ಲಿ Red ಗೆ 0, Green ಗೆ 0.5, Blue ಗೆ 0.5 ಕೊಡಿ.

ಕೆಂಪು ಕಣ್ಣಿನಲ್ಲಿ ಹಾಳಾಗಿರುವುದು ಕೆಂಪು ಚಾನೆಲ್ ಮಾತ್ರ, ಹಸಿರು, ನೀಲಿ ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತವೆ. ಒಂದು ಪಿಕ್ಸೆಲ್ ಕೆಂಪು 210, ಹಸಿರು 48, ನೀಲಿ 40 ಇದೆ ಅಂದುಕೊಳ್ಳಿ. ಹಸಿರು ನೀಲಿಯ ಸರಾಸರಿ 44 ಕೆಂಪಿನ ಜಾಗಕ್ಕೆ ಬಂದರೆ ಸಹಜವಾದ ಕಡುಗಪ್ಪು ಸಿಗುತ್ತದೆ. ಕಣ್ಣಿನ ಮೇಲಿನ ಸಣ್ಣ ಬಿಳಿ ಚುಕ್ಕೆಯಲ್ಲಿ ಮೂರೂ ಚಾನೆಲ್ ಜಾಸ್ತಿ ಇರುವುದರಿಂದ ಅದು ಹಾಗೇ ಬಿಳಿಯಾಗಿ ಉಳಿಯುತ್ತದೆ. ನಿಮ್ಮ ಆಪ್ ಆ ಚುಕ್ಕೆಯನ್ನೂ ಸೇರಿಸಿ ಕಪ್ಪು ಮಾಡಿತು ಅನ್ಸುತ್ತೆ, ತೂತಿನ ಹಾಗೆ ಕಂಡದ್ದು ಅದಕ್ಕೇ. ಪಾಪೆಯ ಸುತ್ತ ತೆಳು ಕೆಂಪು ಉಂಗುರ ಉಳಿದರೆ ಆಯ್ಕೆ ಚಿಕ್ಕದಾಯಿತು ಅಂತ ಅರ್ಥ, ಒಂದೆರಡು ಪಿಕ್ಸೆಲ್ ಹಿಗ್ಗಿಸಿ ಮತ್ತೆ ಮಾಡಿ.

ಅಮ್ಮನ ಕಣ್ಣಿಗೆ ಈ ಉಪಾಯ ನಡೆಯಲ್ಲ. ಪೂರ್ತಿ ಬಿಳಿಯಾದ ಜಾಗದಲ್ಲಿ ಯಾವ ಚಾನೆಲ್‌ನಲ್ಲೂ ವಿವರವೇನೂ ಉಳಿದಿರುವುದಿಲ್ಲ, ಹೊಸದಾಗಿ ಬಳಿಯಲೇಬೇಕು. ಹೊಸ ಲೇಯರ್ ಮಾಡಿ, ಪಾಪೆಯ ಗಾತ್ರದಷ್ಟು ಆಯ್ಕೆ, ಮತ್ತೆ 2 ಪಿಕ್ಸೆಲ್ ಫೆದರ್, `191412` ಎಂಬ ಕೋಡಿನ ಬಣ್ಣ ತುಂಬಿ. ಪೂರ್ತಿ ಕಪ್ಪು ಬೇಡ, ಪ್ರಿಂಟಿನಲ್ಲಿ ಬೊಟ್ಟು ಇಟ್ಟ ಹಾಗೆ ಕಾಣುತ್ತದೆ. ವಯಸ್ಸಾದವರ ಮೇಲಿನ ರೆಪ್ಪೆ ಸ್ವಲ್ಪ ಇಳಿದು ಪಾಪೆಯ ತಲೆಯನ್ನು ಮುಚ್ಚಿರುತ್ತದೆ, ಅಲ್ವಾ? ಆ ರೆಪ್ಪೆಯ ಮೇಲೆ ಬಿದ್ದ ಬಣ್ಣವನ್ನು ಅಳಿಸಿ. ಇಲ್ಲದಿದ್ದರೆ ಅಮ್ಮ ಯಾರನ್ನೋ ನೋಡಿ ಬೆಚ್ಚಿಬಿದ್ದ ಹಾಗಿರುತ್ತಾರೆ! ಆಮೇಲೆ ಬಿಳಿ ಚುಕ್ಕೆ. ಮಗಳ ಕಣ್ಣಲ್ಲಿ ಅದು ಎಲ್ಲಿದೆ ನೋಡಿ, ಇಬ್ಬರ ಮೇಲೂ ಬಿದ್ದದ್ದು ಒಂದೇ ಫ್ಲ್ಯಾಶ್, ಇಬ್ಬರೂ ಕ್ಯಾಮೆರಾ ಕಡೆ ನೋಡುತ್ತಿದ್ದರೆ ಅಮ್ಮನಿಗೂ ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಅಷ್ಟೇ ಗಾತ್ರದಲ್ಲಿ ಇಡಿ. ಕೊನೆಗೆ ಈ ಲೇಯರಿಗೆ Filters > Noise > RGB Noise ಸ್ವಲ್ಪವೇ ಹಾಕಿ. ರಾತ್ರಿ ಫೋಟೊ ತರಿತರಿಯಾಗಿರುತ್ತದೆ, ಅದರ ನಡುವೆ ನುಣ್ಣಗಿನ ಪಾಪೆ ದೊಡ್ಡ ಪ್ರಿಂಟಿನಲ್ಲಿ ತಟ್ಟನೆ ಗೊತ್ತಾಗುತ್ತದೆ.

ಫೋಟೊ ರಿಪೇರಿಗೆ ಸೇರದ ಒಂದು ಮಾತು, ಹೇಳದೆ ಬಿಡುವಂತಿಲ್ಲ. ನಿಮ್ಮ ಮಗಳ ಎರಡೂ ಕಣ್ಣು ಕೆಂಪಾಗಿರುವುದು ಸಹಜ. ಆದರೆ ಯಾವುದೇ ಮಗುವಿನ ಒಂದು ಕಣ್ಣು ಕೆಂಪು, ಇನ್ನೊಂದು ಬಿಳಿ ಅಥವಾ ಹಳದಿ ಅಂತ ಬಂದರೆ ಎಡಿಟ್ ಮಾಡಿ ಸುಮ್ನಾಗಬೇಡಿ. ಕೆಲವೊಮ್ಮೆ ಮಗು ಓರೆಯಾಗಿ ನೋಡಿದ್ದಕ್ಕೂ ಹಾಗೆ ಬರುತ್ತದೆ, ಆದರೆ ಮಕ್ಕಳ ಕಣ್ಣಿನ ಪೊರೆ, ರೆಟಿನೊಬ್ಲಾಸ್ಟೊಮಾ ಎಂಬ ಕ್ಯಾನ್ಸರ್ ಕೂಡ ಮೊದಲು ಹೀಗೆ ಫೋಟೊದಲ್ಲೇ ಕಾಣಿಸಿಕೊಳ್ಳಬಹುದು. ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಆ ಫೋಟೊವನ್ನೂ ತಿದ್ದದೆ ಒಯ್ಯಿರಿ.

ಮುಂದಿನ ಸಲ ಟೆರೇಸಿನ ಟ್ಯೂಬ್‌ಲೈಟ್ ಮೊದಲೇ ಹಾಕಿಬಿಡಿ, ಪಾಪೆ ಕಿರಿದಾಗುತ್ತದೆ. ದೂರ ನಿಂತು ಜೂಮ್ ಮಾಡುವ ಬದಲು ಹತ್ತಿರ ಹೋಗಿ. ದೂರ ಹೋದಷ್ಟೂ ಫ್ಲ್ಯಾಶಿಗೂ ಲೆನ್ಸಿಗೂ ನಡುವಿನ ಕೋನ ಕಿರಿದಾಗಿ ಕೆಂಪು ಜಾಸ್ತಿಯಾಗುತ್ತದೆ.