ಮೂರು ತಂಡಕ್ಕೆ ನಾಲ್ಕು ನಾಲ್ಕು ಅಂಕ: ಫೈನಲಿಗೆ ಯಾರು?

ಪ್ರಶ್ನೆ: ನಮ್ಮೂರಲ್ಲಿ ನಾಲ್ಕು ಬೀದಿಗಳ ನಡುವೆ ಆರು ಓವರಿನ ಟೆನಿಸ್ ಬಾಲ್ ಟೂರ್ನಿ ನಡೆಸಿದೆವು. ನಾನೇ ಸ್ಕೋರರ್. ಫಲಿತಾಂಶಗಳನ್ನು ನೋಟ್‌ಬುಕ್ಕಿನಲ್ಲಿ ವಾಕ್ಯವಾಗಿ ಬರೆದಿಟ್ಟಿದ್ದೇನೆ, ಪುಟದ ಫೋಟೋ ಕಳಿಸಿದ್ದೇನೆ. ಮೂರು ತಂಡಗಳು ತಲಾ ಎರಡು ಪಂದ್ಯ ಗೆದ್ದಿವೆ. ಫೈನಲಿಗೆ ಇಬ್ಬರು. ನನ್ನ ಮೊಬೈಲ್ ಶೀಟಿನಲ್ಲಿ ಕೋಟೆ ಮತ್ತು ಪೇಟೆ ಬರುತ್ತವೆ. ಕಮಿಟಿಯ ಹಿರಿಯರೊಬ್ಬರು ಕೆರೆ ಬೀದಿಯೇ ಮೊದಲು ಅನ್ನುತ್ತಾರೆ. ಕರಪತ್ರದಲ್ಲಿ ‘ಅಂಕ ಸಮವಾದರೆ ನೆಟ್ ರನ್‌ರೇಟ್ ಪರಿಗಣಿಸಲಾಗುವುದು’ ಎಂದಷ್ಟೇ ಇದೆ. ಯಾರ ಲೆಕ್ಕ ಸರಿ?

ಉತ್ತರ: ಇಬ್ಬರದೂ ತಪ್ಪು ಸ್ವಾಮಿ. ಫೈನಲಿಗೆ ಹೋಗಬೇಕಾದವರು ಕೋಟೆ ಮತ್ತು ಕೆರೆ, ಅದೇ ಕ್ರಮದಲ್ಲಿ. ನಿಮ್ಮದು ಒಂದು ಚುಕ್ಕಿಯ ತಪ್ಪು, ಹಿರಿಯರದು ಒಂದು ಆಲೌಟಿನ ತಪ್ಪು. ನಿಮ್ಮ ಪುಟದಿಂದಲೇ ಶುರು ಮಾಡೋಣ. ನೀವು ಬರೆದದ್ದು ಹೀಗಿದೆ:

1. ಕೆರೆಯನ್ನು ಕೋಟೆ 22 ರನ್ನಿಂದ ಸೋಲಿಸಿತು. ಕೋಟೆ 62, ಕೆರೆ 4 ಓವರಿಗೆ 40 ಆಲೌಟ್.
2. ಪೇಟೆಗೆ ಕೆರೆ ಎದುರು ಸೋಲು. ಪೇಟೆ 48, ಕೆರೆ 5 ಓವರಿಗೆ 49.
3. ಪೇಟೆಗೆ ಕೋಟೆ 8 ರನ್ನಿಂದ ಸೋತಿತು. ಪೇಟೆ 55, ಕೋಟೆ 47.
4. ಕೋಟೆ 51, ರಥಬೀದಿ 42. ಕೋಟೆಗೆ ಗೆಲುವು.
5. ರಥಬೀದಿ ವಿರುದ್ಧ ಕೆರೆಗೆ 17 ರನ್ ಜಯ. ಕೆರೆ 62, ರಥಬೀದಿ 45.
6. ರಥಬೀದಿಯ 44ನ್ನು ಪೇಟೆ 5.3 ಓವರಿನಲ್ಲಿ ದಾಟಿತು. ಪೇಟೆ 45.

ಎರಡನೆಯ ಮತ್ತು ಮೂರನೆಯ ಸಾಲನ್ನು ಒಮ್ಮೆ ಒಟ್ಟಿಗೆ ಓದಿ. ಎರಡೂ ‘ಪೇಟೆಗೆ’ ಎಂದೇ ಶುರುವಾಗುತ್ತವೆ, ಎರಡರಲ್ಲೂ ಸೋಲಿನ ಮಾತಿದೆ. ಆದರೆ ‘ಪೇಟೆಗೆ ಸೋಲು’ ಅಂದರೆ ಸೋತದ್ದು ಪೇಟೆ, ‘ಪೇಟೆಗೆ ಕೋಟೆ ಸೋತಿತು’ ಅಂದರೆ ಗೆದ್ದದ್ದು ಪೇಟೆ. ಕನ್ನಡದಲ್ಲಿ ಯಾವ ಹೆಸರು ಮೊದಲು ಬಂತು ಅನ್ನುವುದರಿಂದ ಗೆದ್ದವರು ಗೊತ್ತಾಗುವುದಿಲ್ಲ. ಪ್ರತ್ಯಯವನ್ನೂ ಕ್ರಿಯಾಪದವನ್ನೂ ಜೋಡಿಸಿ ನೋಡಬೇಕು. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಪಟ್ಟಿ ಮಾಡುವವರು ಎಡವುವುದು ಇಲ್ಲೇ. ಅದಕ್ಕೆ ನಾನು ಪ್ರತಿ ವಾಕ್ಯವನ್ನೂ ಮೊದಲು ರನ್ನಿನಿಂದ ಓದುತ್ತೇನೆ, ಆಮೇಲೆ ಮಾತಿನಿಂದ. 55 ದೊಡ್ಡದು, 47 ಚಿಕ್ಕದು, ವ್ಯತ್ಯಾಸ 8, ವಾಕ್ಯವೂ 8 ಅನ್ನುತ್ತದೆ. ಎರಡೂ ಹೊಂದಿದರೆ ಮುಂದಿನ ಸಾಲು. ಹೊಂದದಿದ್ದರೆ ಅಂಪೈರಿಗೆ ಒಂದು ಫೋನ್.

ಇನ್ನೊಂದು ಮಾತು. ಬೆನ್ನಟ್ಟಿ ಗೆದ್ದ ಪಂದ್ಯಕ್ಕೆ ‘ಇಷ್ಟು ವಿಕೆಟ್‌ನಿಂದ ಗೆದ್ದಿತು’ ಎಂದಷ್ಟೇ ಬರೆದಿದ್ದರೆ ಗೆಲುವು, ಸೋಲು, ಅಂಕದ ಕಾಲಂ ತುಂಬಿಸಬಹುದಿತ್ತು, ರನ್‌ರೇಟ್ ಮಾತ್ರ ಸಿಗುತ್ತಿರಲಿಲ್ಲ. ವಿಕೆಟ್ ಎಷ್ಟು ಉಳಿಯಿತು ಅನ್ನುವುದಕ್ಕೆ ನೆಟ್ ರನ್‌ರೇಟಿನಲ್ಲಿ ಬೆಲೆಯೇ ಇಲ್ಲ, ಎಸೆತ ಎಷ್ಟು ಖರ್ಚಾಯಿತು ಅನ್ನುವುದೇ ಮುಖ್ಯ. ನೀವು ಓವರ್ ಬರೆದಿಟ್ಟದ್ದು ಪುಣ್ಯ.

ಈಗ ಪಟ್ಟಿ. ಒಂದು ಪಂದ್ಯಕ್ಕೆ ಒಂದು ಸಾಲು ಹಾಕಬೇಡಿ, ಎರಡು ಹಾಕಿ: ಒಂದೊಂದು ತಂಡದ ಕಣ್ಣಿನಿಂದ ಒಂದೊಂದು. ಆರು ಪಂದ್ಯಕ್ಕೆ ಹನ್ನೆರಡು ಸಾಲು. ಶೀಟಿಗೆ `M` ಎಂದು ಹೆಸರಿಡಿ. A ಕಾಲಂನಲ್ಲಿ ತಂಡ, B ಎದುರಾಳಿ, C ಹೊಡೆದ ರನ್, D ಆಡಿದ ಎಸೆತ, E ಬಿಟ್ಟುಕೊಟ್ಟ ರನ್, F ಬೌಲ್ ಮಾಡಿದ ಎಸೆತ, G ಅಂಕ. ಆರನೆಯ ಪಂದ್ಯ ಹೀಗೆ ಬರುತ್ತದೆ:

| ತಂಡ | ಎದುರಾಳಿ | ರನ್ | ಎಸೆತ | ಕೊಟ್ಟ ರನ್ | ಹಾಕಿದ ಎಸೆತ | ಅಂಕ |
|---|---|---|---|---|---|---|
| ಪೇಟೆ | ರಥಬೀದಿ | 45 | 33 | 44 | 36 | 2 |
| ರಥಬೀದಿ | ಪೇಟೆ | 44 | 36 | 45 | 33 | 0 |

ಓವರ್ ಕಾಲಂ ಇಲ್ಲದಿರುವುದನ್ನು ಗಮನಿಸಿದಿರಾ? ನಿಮ್ಮ ಶೀಟ್ ದಾರಿ ತಪ್ಪಿದ್ದು ಅಲ್ಲೇ. ನಿಮ್ಮ 5.3 ಅಂದರೆ ಐದು ಓವರ್, ಮೂರು ಎಸೆತ, ಅಂದರೆ ಐದೂವರೆ ಓವರ್. ಮೊಬೈಲಿಗೆ ಅದು ಐದು ಮತ್ತು ಹತ್ತರಲ್ಲಿ ಮೂರು ಪಾಲು. ಹಾಗೆ ಅದು ಪೇಟೆಯವರು ಆಡಿದ ಎಸೆತಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ನುಂಗಿತು, ಅವರ ರನ್‌ರೇಟ್ ಏರಿತು. ಎಸೆತದಲ್ಲೇ ಬರೆದರೆ ಈ ರಗಳೆ ಇಲ್ಲ. ಓವರಿನಲ್ಲಿ ಬರೆದ ಹಳೆಯ ಲೆಕ್ಕ H ಕಾಲಂನಲ್ಲಿದ್ದರೆ ಎಸೆತಕ್ಕೆ ತಿರುಗಿಸಲು:

```
=INT(H2)*6+ROUND(10*(H2-INT(H2)),0)
```

ಅಂಕಪಟ್ಟಿಯನ್ನು ಬೇರೆ ಶೀಟಿನಲ್ಲಿ ಮಾಡಿ, A ಕಾಲಂನಲ್ಲಿ ನಾಲ್ಕು ತಂಡಗಳ ಹೆಸರು. ಮೊದಲ ಸೂತ್ರ ಅಂಕಕ್ಕೆ, ಎರಡನೆಯದು ನೆಟ್ ರನ್‌ರೇಟಿಗೆ:

```
=SUMIF(M!A:A,A2,M!G:G)
=ROUND(6*SUMIF(M!A:A,A2,M!C:C)/SUMIF(M!A:A,A2,M!D:D)
 -6*SUMIF(M!A:A,A2,M!E:E)/SUMIF(M!A:A,A2,M!F:F),3)
```

ಗಮನಿಸಿ, ಪಂದ್ಯ ಪಂದ್ಯದ ರನ್‌ರೇಟ್ ತೆಗೆದು ಸರಾಸರಿ ಹಾಕುವುದಲ್ಲ. ಟೂರ್ನಿಯ ಒಟ್ಟು ರನ್ನನ್ನು ಒಟ್ಟು ಎಸೆತದಿಂದ ಭಾಗಿಸಬೇಕು.

ಇನ್ನು ಹಿರಿಯರ ಲೆಕ್ಕ. ಅವರು ಒಂದನೆಯ ಪಂದ್ಯದಲ್ಲಿ ಕೆರೆಯ 40 ರನ್ನಿಗೆ 4 ಓವರ್ ಹಿಡಿದಿದ್ದಾರೆ. ಅಷ್ಟೇ ಆಡಿದ್ದು ನಿಜ. ಆದರೆ ಆಲೌಟ್ ಆದ ತಂಡಕ್ಕೆ ಪೂರ್ತಿ ಕೋಟಾ, ಇಲ್ಲಿ 6 ಓವರ್, 36 ಎಸೆತ ಹಿಡಿಯಬೇಕೆಂಬುದು ನಿಯಮ. ಏಕೆಂದರೆ ಉಳಿದ ಎರಡು ಓವರ್ ಆಡುವ ಅವಕಾಶವಿತ್ತು, ಅವರೇ ಕಳೆದುಕೊಂಡರು. 4 ಓವರ್ ಅಂತಲೇ ಹಿಡಿದರೆ ಕೆರೆಯ ನೆಟ್ ರನ್‌ರೇಟ್ +1.456ಕ್ಕೆ ಹಾರುತ್ತದೆ, ಅವರನ್ನು ಬೇಗ ಕೆಡವಿದ ಕೋಟೆಯದು +0.326ಕ್ಕೆ ಇಳಿಯುತ್ತದೆ. ಹೊಡೆಸಿಕೊಂಡವರಿಗೆ ಬಹುಮಾನ, ಹೊಡೆದವರಿಗೆ ದಂಡ! ಬೌಲ್ ಮಾಡಿದ ಕೋಟೆಯ ಸಾಲಿನಲ್ಲೂ 36 ಎಂದೇ ಬರೆಯಲು ಮರೆಯಬೇಡಿ. ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಡುವವರನ್ನು ಬೇಕಾದಷ್ಟು ನೋಡಿದ್ದೇನೆ.

ಎರಡೂ ತಪ್ಪು ತಿದ್ದಿದ ಮೇಲಿನ ಪಟ್ಟಿ:

| ಸ್ಥಾನ | ತಂಡ | ಆಟ | ಗೆಲುವು | ಸೋಲು | ಅಂಕ | ನೆಟ್ ರನ್‌ರೇಟ್ |
|---|---|---|---|---|---|---|
| 1 | ಕೋಟೆ | 3 | 2 | 1 | 4 | +1.278 |
| 2 | ಕೆರೆ | 3 | 2 | 1 | 4 | +0.271 |
| 3 | ಪೇಟೆ | 3 | 2 | 1 | 4 | +0.222 |
| 4 | ರಥಬೀದಿ | 3 | 0 | 3 | 0 | −1.751 |

ಸಾರ್ಟ್ ಮಾಡುವಾಗ ಮೊದಲು ಅಂಕ, ಆಮೇಲೆ ನೆಟ್ ರನ್‌ರೇಟ್, ಎರಡೂ ದೊಡ್ಡದರಿಂದ ಚಿಕ್ಕದಕ್ಕೆ. ಕೆರೆಯದನ್ನು ಕೈಯಲ್ಲೇ ನೋಡಿ: ಹೊಡೆದದ್ದು 40, 49, 62 ಸೇರಿ 151, ಎಸೆತ 36, 30, 36 ಸೇರಿ 102. ಆರರಿಂದ ಗುಣಿಸಿ ಭಾಗಿಸಿದರೆ ಓವರಿಗೆ 8.882. ಕೊಟ್ಟದ್ದು 62, 48, 45 ಸೇರಿ 155, ಎಸೆತ 108, ಓವರಿಗೆ 8.611. ಕಳೆದರೆ 0.271. ಪೇಟೆಯ 5.3ನ್ನು ನಿಮ್ಮ ಶೀಟ್ ಓದಿದ ಹಾಗೆ ಓದಿದರೆ ಅವರಿಗೆ +0.320 ಸಿಗುತ್ತದೆ. ಅಷ್ಟರಲ್ಲೇ ಅವರು ಕೆರೆಯನ್ನು ದಾಟಿಬಿಟ್ಟಿದ್ದರು.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಕಾಲಂಗಳ ಮೊತ್ತ ನೋಡಿ. ಗೆಲುವುಗಳ ಮೊತ್ತವೂ ಸೋಲುಗಳ ಮೊತ್ತವೂ ಒಂದೇ ಇರಬೇಕು, ಇಲ್ಲಿ ಆರು ಆರು. ಹೊಡೆದ ರನ್ ನಾಲ್ಕೂ ತಂಡದ್ದು ಸೇರಿ 590, ಕೊಟ್ಟ ರನ್ನೂ 590. ಎಸೆತ ಎರಡೂ ಕಡೆ 423. ಆಲೌಟನ್ನು ಒಂದೇ ಕಡೆ ತಿದ್ದಿದ್ದರೆ ಎಸೆತದ ಮೊತ್ತ ಹೊಂದುವುದಿಲ್ಲ, ತಪ್ಪು ಆಗಲೇ ಸಿಕ್ಕಿಬೀಳುತ್ತದೆ. ‘ಆಟ’ದ ಮೊತ್ತ 12 ಬಾರದೆ 11 ಬಂದರೆ ಹೆಸರು ನೋಡಿ: ಎಲ್ಲೋ ‘ಕೆರೆ’ ಬದಲು ‘ಕೆರೆ ಬೀದಿ’ ಅಂತ ಬರೆದಿರುತ್ತೀರಿ, ಇಲ್ಲವೇ ಹೆಸರಿನ ಕೊನೆಗೆ ಕಣ್ಣಿಗೆ ಕಾಣದ ಸ್ಪೇಸ್ ಇರುತ್ತದೆ. ಶೀಟಿಗೆ ಅದು ಐದನೆಯ ತಂಡ. ಅಂದಹಾಗೆ ನೆಟ್ ರನ್‌ರೇಟುಗಳನ್ನು ಕೂಡಿದರೆ ಸೊನ್ನೆಯೇ ಬರಬೇಕೆಂದಿಲ್ಲ, ನಿಮ್ಮಲ್ಲಿ 0.020 ಬರುತ್ತದೆ. ಅದು ತಪ್ಪಲ್ಲ.

ಪೇಟೆಯವರು ಸುಮ್ಮನಿರಲಿಕ್ಕಿಲ್ಲ. ‘ಮುಖಾಮುಖಿ ನೋಡಿ’ ಅನ್ನುತ್ತಾರೆ. ಇಬ್ಬರೇ ಸಮವಾಗಿದ್ದರೆ ಅದು ಸುಲಭ. ಇಲ್ಲಿ ಕೋಟೆ ಕೆರೆಯನ್ನು, ಕೆರೆ ಪೇಟೆಯನ್ನು, ಪೇಟೆ ಕೋಟೆಯನ್ನು ಸೋಲಿಸಿದೆ. ಸುತ್ತಿ ಸುತ್ತಿ ಅಲ್ಲಿಗೇ. ಆಗ ರಥಬೀದಿಯ ಪಂದ್ಯಗಳನ್ನು ಬಿಟ್ಟು, ಈ ಮೂವರ ನಡುವಿನ ಮೂರೇ ಪಂದ್ಯಗಳಿಂದ ರನ್‌ರೇಟ್ ತೆಗೆಯುವ ಪದ್ಧತಿಯೂ ಉಂಟು. ಹಾಗೆ ಮಾಡಿದರೆ ಕೋಟೆ +1.167, ಪೇಟೆ −0.144, ಕೆರೆ −1.076. ಎರಡನೆಯ ಸ್ಥಾನ ಪೇಟೆಗೆ! ಅದೇ ಆಟ, ಅದೇ ರನ್, ನಿಯಮ ಬೇರೆ, ಫೈನಲ್ ಬೇರೆ. ಹಾಗಾಗಿ ಕರಪತ್ರದಲ್ಲಿ ಏನಿತ್ತು ಅನ್ನುವುದೇ ತೀರ್ಮಾನ. ನಿಮ್ಮದರಲ್ಲಿ ನೆಟ್ ರನ್‌ರೇಟ್ ಎಂದಿದೆ, ಮುಖಾಮುಖಿಯ ಮಾತಿಲ್ಲ. ಬರೀ ನೆಟ್ ರನ್‌ರೇಟ್ ಅಂದರೆ ಲೀಗಿನ ಎಲ್ಲ ಪಂದ್ಯಗಳದ್ದು.

ದೊಡ್ಡವರಲ್ಲೂ ಹೀಗೇ ಆಗಿದೆ. 2019ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್, ಪಾಕಿಸ್ತಾನ ಎರಡಕ್ಕೂ 11 ಅಂಕ, ಗೆಲುವು ಐದೈದು. ಎಜ್‌ಬಾಸ್ಟನ್ನಿನಲ್ಲಿ ಪಾಕಿಸ್ತಾನವೇ ನ್ಯೂಜಿಲೆಂಡನ್ನು 6 ವಿಕೆಟ್‌ನಿಂದ ಸೋಲಿಸಿತ್ತು. ಆದರೆ ಅಲ್ಲಿ ಅಂಕ, ಗೆಲುವಿನ ನಂತರ ನೋಡುತ್ತಿದ್ದದ್ದು ನೆಟ್ ರನ್‌ರೇಟ್. +0.175 ಇದ್ದ ನ್ಯೂಜಿಲೆಂಡ್ ಸೆಮಿಫೈನಲಿಗೆ ಹೋಯಿತು, −0.430 ಇದ್ದ ಪಾಕಿಸ್ತಾನ ಮನೆಗೆ.

ಮುಂದಿನ ವರ್ಷದ ಕರಪತ್ರಕ್ಕೆ ಎರಡು ಸಾಲು ಸೇರಿಸಿ. ಮಳೆಯಿಂದ ಪಂದ್ಯ ರದ್ದಾದರೆ ಒಂದೊಂದು ಅಂಕ, ಆ ಪಂದ್ಯದ ರನ್ ರನ್‌ರೇಟಿಗೆ ಸೇರುವುದಿಲ್ಲ. ಟೈ ಆಗಿ ಸೂಪರ್ ಓವರ್ ಆಡಿಸಿದರೆ ಗೆದ್ದವರಿಗೆ ಎರಡು ಅಂಕ, ಸೂಪರ್ ಓವರಿನ ರನ್ನು ಲೆಕ್ಕಕ್ಕಿಲ್ಲ.

ಪೇಟೆಯ ಕ್ಯಾಪ್ಟನ್ ಬಂದು ಜಗಳ ತೆಗೆದರೆ ಇದನ್ನೂ ಹೇಳಿ: ರಥಬೀದಿ ಎದುರು ಆ 45 ರನ್ನನ್ನು 33 ಎಸೆತದ ಬದಲು 32ರಲ್ಲಿ ಮುಗಿಸಿದ್ದರೆ ಅವರ ನೆಟ್ ರನ್‌ರೇಟ್ +0.303 ಆಗಿ, ಕೆರೆಯ +0.271 ಹಿಂದೆ ಬೀಳುತ್ತಿತ್ತು. ಒಂದೇ ಒಂದು ಎಸೆತ.