ಬೆಲೆ ಇಳಿಸುವ ಮೊದಲು ನಿಮ್ಮ ಲೆಕ್ಕ ನೋಡಿ

ಇಯರ್‌ಫೋನ್, ಚಾರ್ಜರ್ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಪ್ರತಿ ವಾರ ಬೇರೆ ಸೆಲ್ಲರ್‌ಗಳ ಬೆಲೆ ನೋಡಿ ನನ್ನದನ್ನು ಇಳಿಸುತ್ತೇನೆ. ಆರ್ಡರ್ ಬರುತ್ತೆ, ದುಡ್ಡು ಉಳಿಯಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಈ ಪ್ರಶ್ನೆ ಪದೇ ಪದೇ ಬರುತ್ತೆ, ಕೇಳುವವರಲ್ಲಿ ಹೆಚ್ಚಿನವರು ತಮ್ಮ ತಳ ಬೆಲೆಯನ್ನೇ, ಅಂದರೆ ಇದಕ್ಕಿಂತ ಕೆಳಗೆ ಮಾರಬಾರದು ಅನ್ನುವ ಬೆಲೆಯನ್ನೇ, ಲೆಕ್ಕ ಹಾಕಿರುವುದಿಲ್ಲ. ಒಂದು ಇಯರ್‌ಫೋನ್ ನಿಮಗೆ 100ಕ್ಕೆ ಬಿತ್ತು ಅಂದುಕೊಳ್ಳಿ. ಪ್ಯಾಕಿಂಗ್ ಮತ್ತು ಸಾಗಣೆಗೆ 8, ವಾಪಸ್ ಬರುವ ಮಾಲಿನ ನಷ್ಟಕ್ಕೆ 3. ಒಟ್ಟು 111. ಮಾರುವ ಸೈಟ್‌ನ ಕಮಿಷನ್ ಶೇ 10 ಇದ್ದರೆ 111ಕ್ಕೆ ಶೇ 10 ಸೇರಿಸಿ 122 ಅನ್ನುತ್ತೀರಿ, ಅಲ್ವಾ? ತಪ್ಪು. ಕಮಿಷನ್ ಕಡಿಯುವುದು ಮಾರುವ ಬೆಲೆಯ ಮೇಲೆ. ಶೇ 5 ಲಾಭವನ್ನೂ ಇಟ್ಟುಕೊಂಡರೆ ಲೆಕ್ಕ ಹೀಗೆ:

```
111 / (1 - 0.10 - 0.05) = 130.6
```

ಅಂದರೆ 131. ಇದನ್ನು ಶೀಟ್‌ನ ಮೊದಲ ಕಾಲಂನಲ್ಲಿ ಬರೆದಿಡಿ, ಆಮೇಲೆ ಬೇರೆ ಸೆಲ್ಲರ್‌ಗಳ ಬೆಲೆ ಇರುವ ಪೇಜ್ ತೆರೆಯಿರಿ.

ನೋಡುವುದು ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, ಲಾಗಿನ್ ಆಗದೆ, ಒಂದೇ ಡೆಲಿವರಿ ವಿಳಾಸಕ್ಕೆ. ಕೂಪನ್ ಖಾತೆಯಿಂದ ಖಾತೆಗೆ, ಡೆಲಿವರಿ ಚಾರ್ಜ್ ಊರಿನಿಂದ ಊರಿಗೆ ಬದಲಾಗಬಹುದು, ಹಾಗಾಗಿ ಹೋದ ವಾರದ್ದಕ್ಕೆ ಹೋಲಿಸಬೇಕಾದರೆ ಇವು ಬದಲಾಗಬಾರದು.

ನಿಮ್ಮ ಬೆಲೆ ಡೆಲಿವರಿ ಸೇರಿ 137 ಇದೆ ಅನ್ನಿ. ಪಟ್ಟಿಯಲ್ಲಿ 122, 126, 128, 133 ಕಾಣುತ್ತವೆ. ಗಾಬರಿಯಾಗಬೇಡಿ, ಒಂದೊಂದನ್ನೂ ತೆರೆದು ನೋಡಿ. 122ರದ್ದು ರಿಫರ್ಬಿಶ್ಡ್ ಮಾಲು. 126ಕ್ಕೆ ಡೆಲಿವರಿ 9 ಬೇರೆ, ಗಿರಾಕಿ ಕೊಡುವುದು 135. 128ರವರ ಹತ್ತಿರ ಉಳಿದಿರುವುದು ಒಂದೇ ಪೀಸ್, ಅದು ತಾನಾಗಿಯೇ ಮುಗಿಯುತ್ತೆ. ನಿಮಗೆ ನಿಜವಾದ ಪೈಪೋಟಿ ಅಂದರೆ 133ರವರು: ಹೊಸ ಮಾಲು, ಅದೇ ಮಾಡೆಲ್ ನಂಬರ್, ಅದೇ ವಾರಂಟಿ, ಡೆಲಿವರಿ ಉಚಿತ. ಹೋದ ವಾರ ಅವರದ್ದು 138 ಇತ್ತು ಅಂದರೆ ಈ ವಾರ ಸುಮ್ನೆ ಬರೆದಿಟ್ಟುಕೊಳ್ಳಿ. ಎರಡು ದಿನದ ಆಫರ್ ಇರಬಹುದು. ಮುಂದಿನ ವಾರವೂ 133 ಇದ್ದರೆ, ನಿಮ್ಮ ಆರ್ಡರ್‌ಗಳೂ ಕಡಿಮೆಯಾಗಿದ್ದರೆ, ಆಗ 133ಕ್ಕೆ ಬನ್ನಿ.

ಅವರು 129ಕ್ಕೆ ಇಳಿದರೆ? ಅವರ ಬೆನ್ನು ಹತ್ತಿ ಇಳಿಯಬೇಡಿ. ಬಹುಶಃ ಅವರಿಗೆ ಮಾಲು ಕಡಿಮೆಗೆ ಸಿಕ್ಕಿದೆ, ಇಲ್ಲವೇ ಹಳೇ ಸ್ಟಾಕ್ ಖಾಲಿ ಮಾಡುತ್ತಿದ್ದಾರೆ. ನೀವು 131ರಲ್ಲಿ ನಿಂತು, ಮುಂದಿನ ಖರೀದಿಯಲ್ಲಿ ಆ ಮಾಡೆಲ್ ಕಡಿಮೆ ತನ್ನಿ. ಇಷ್ಟು ದಿನ ನಿಮ್ಮ ದುಡ್ಡು ಸೋರಿದ್ದು ಹೀಗೆ ತಳ ಬೆಲೆಗಿಂತ ಕೆಳಗೆ ಇಳಿದಾಗಲೇ.

ನನ್ನ ಹತ್ತಿರ 300 ಐಟಂ ಇವೆ, ಎಲ್ಲವನ್ನೂ ನೋಡಬೇಕಾ?

ಬೇಡ. ಜಾಸ್ತಿ ದುಡ್ಡು ತರುವ 20 ಸಾಕು.

ಯಾವಾಗಲೂ ಎಲ್ಲರಿಗಿಂತ 1 ಕಡಿಮೆ ಇಡುವ ಆಟೋ ಟೂಲ್ ಹಾಕಿದರೆ ಗೆಲ್ಲಬಹುದು ಅಂತ ಒಬ್ಬರು ಕೋರ್ಸ್‌ನಲ್ಲಿ ಹೇಳಿದರು.

ಎದುರಿನವರೂ ಅದೇ ಟೂಲ್ ಹಾಕಿದ್ದರೆ ಎರಡೂ ಸೇರಿ ರಾತ್ರೋರಾತ್ರಿ ಬೆಲೆಯನ್ನು ಪಾತಾಳಕ್ಕೆ ಇಳಿಸುತ್ತವೆ. ತಳ ಬೆಲೆ ತುಂಬದೆ ಅದನ್ನು ಆನ್ ಮಾಡಲೇಬೇಡಿ. ಆ ಕೋರ್ಸ್‌ಗೆ ಇನ್ನು ದುಡ್ಡು ಕೊಡಬೇಡಿ.

ಬೇರೆ ಸೆಲ್ಲರ್‌ಗಳಿಗೆ ಫೋನ್ ಮಾಡಿ ಎಲ್ಲರೂ ಒಂದೇ ಬೆಲೆ ಇಡೋಣ ಅನ್ನಬಹುದಾ?

ಖಂಡಿತ ಬೇಡ. ಹಲವು ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ.