ಮದ್ದಿನ ಹೆಸರು ಇಂಗ್ಲಿಷಿನಲ್ಲೇ ಇರಲಿ, ತೆಗೆದುಕೊಳ್ಳುವ ಕ್ರಮವನ್ನು ಕನ್ನಡದಲ್ಲಿ ಬರೆಸಿಕೊಳ್ಳಿ

ಪ್ರಶ್ನೆ: ನಮ್ಮ ಮಾವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಮದ್ದು ಚೀಟಿಯನ್ನು ಪೂರ್ತಿ ಕನ್ನಡದಲ್ಲೇ ಬರೆದುಕೊಡಿ ಎಂದು ಕೇಳಬಹುದೇ? ಅವರು ಒಪ್ಪದಿದ್ದರೆ ನಾನೇ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕಲ್ಲವೇ?

ಕೇಳಿ, ಆದರೆ "ಪೂರ್ತಿ" ಎಂದು ಮಾತ್ರ ಕೇಳಬೇಡಿ. ನೀವೇ ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಡುವ ಯೋಚನೆಯನ್ನಂತೂ ದಯವಿಟ್ಟು ಕೈಬಿಡಿ. ನಾನು ಹಾಗೆ ಬರೆದುಕೊಟ್ಟ ಒಂದು ಹಾಳೆಯಿಂದಾಗಿ ನನ್ನ ಅಮ್ಮ ಆಸ್ಪತ್ರೆಗೆ ಸೇರಬೇಕಾಯಿತು.

ಅಮ್ಮನಿಗೆ ಕೈಬೆರಳಿನ ಕೀಲುಗಳಲ್ಲಿ ಬಾವು ಇತ್ತು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದಷ್ಟು ಬಿಗಿತ. ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಗೊತ್ತಾದ ಮೇಲೆ ವೈದ್ಯರು ಎರಡು ಮದ್ದು ಬರೆದರು. ಮೆಥೊಟ್ರೆಕ್ಸೇಟ್ 7.5 ಮಿಲಿಗ್ರಾಂ ವಾರಕ್ಕೊಮ್ಮೆ, ಭಾನುವಾರ ಮಾತ್ರ. ಫೋಲಿಕ್ ಆಸಿಡ್ 5 ಮಿಲಿಗ್ರಾಂ ಭಾನುವಾರ ಬಿಟ್ಟು ಉಳಿದ ದಿನಗಳಲ್ಲಿ ಒಂದೊಂದು. ಚೀಟಿ ಸ್ಪಷ್ಟವಾಗಿಯೇ ಇತ್ತು. ವೈದ್ಯರಿಗೆ ಕನ್ನಡ ಬಾರದ ಕಾರಣ ಅಲ್ಲಿದ್ದ ಸಿಸ್ಟರ್ ಅಮ್ಮನಿಗೆ ತುಳುವಿನಲ್ಲಿ ಚೆನ್ನಾಗಿ ವಿವರಿಸಿದರು. ಅಮ್ಮ ತಲೆಯಾಡಿಸಿದರು, ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿದ್ದರು. ನಮ್ಮ ಕಡೆಯ ಎಷ್ಟೋ ಹಿರಿಯರ ಸ್ಥಿತಿ ಇದೇ: ಆಡುವುದು ತುಳು, ಕೊಂಕಣಿ ಅಥವಾ ಬ್ಯಾರಿ, ಓದುವುದು ಕನ್ನಡ. ಬಾಯಿಮಾತಿನ ವಿವರಣೆ ಎಷ್ಟು ಚೆನ್ನಾಗಿದ್ದರೂ ಮನೆಯಲ್ಲಿ ಮತ್ತೆ ನೋಡಿಕೊಳ್ಳಲು ಕನ್ನಡದ ಬರಹವೇ ಬೇಕು.

ನಾನು ಇರುವುದು ಮಂಗಳೂರಿನಲ್ಲಿ, ಅಮ್ಮ ಕಿನ್ನಿಗೋಳಿ ಹತ್ತಿರದ ಮನೆಯಲ್ಲಿ. ಹಾಗಾಗಿ ಅಡುಗೆಮನೆಯ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆದುಕೊಟ್ಟೆ. ಅಮ್ಮನಿಗೆ ಕಷ್ಟವಾಗಬಾರದೆಂದು ಆ ಉದ್ದದ ಹೆಸರುಗಳನ್ನು ಬಿಟ್ಟೆ. "ಕೀಲುನೋವಿನ ಮಾತ್ರೆ, ದೊಡ್ಡ ಹಳದಿ, ಭಾನುವಾರ" ಎಂಬುದು ಒಂದು ಸಾಲು. "ರಕ್ತದ ಮಾತ್ರೆ, ಸಣ್ಣ ಹಳದಿ, ಉಳಿದ ಎಲ್ಲ ದಿನ" ಎಂಬುದು ಇನ್ನೊಂದು. ಮಿಲಿಗ್ರಾಂ ಬರೆಯಲಿಲ್ಲ, ಏಕೆಂದರೆ ಎರಡೂ ಒಂದೊಂದೇ ಮಾತ್ರೆ ತಾನೇ ಎಂದುಕೊಂಡಿದ್ದೆ. ಮೊದಲ ಸಲ ತಂದ ಮಾತ್ರೆಗಳಿಗೆ ಆ ಹಾಳೆ ಸರಿಯಾಗಿಯೇ ಹೊಂದುತ್ತಿತ್ತು.

ಮುಂದಿನ ಸಲ ಮೆಡಿಕಲ್‌ನಲ್ಲಿ ಬೇರೆ ಕಂಪನಿಯ ಮದ್ದು ಕೊಟ್ಟರು. ಅದು ಅಂಗಡಿಯವರ ತಪ್ಪಲ್ಲ. ಮದ್ದು ಅದೇ, ಪ್ರಮಾಣವೂ ಅದೇ. ಆದರೆ ಎರಡೂ ಮಾತ್ರೆಗಳು ಹಳದಿಯಾಗಿಯೇ ಉಳಿದು, ಗಾತ್ರ ಮಾತ್ರ ಅದಲುಬದಲಾಗಿತ್ತು. ಅಮ್ಮ ನನ್ನ ಹಾಳೆಯನ್ನು ಅಕ್ಷರಶಃ ಪಾಲಿಸಿದರು. ಸಣ್ಣ ಹಳದಿಯನ್ನು ದಿನವೂ ನುಂಗಿದರು, ದೊಡ್ಡದನ್ನು ಭಾನುವಾರಕ್ಕೆ ಇಟ್ಟರು. ವಾರಕ್ಕೊಮ್ಮೆ ಹೋಗಬೇಕಾದ ಮೆಥೊಟ್ರೆಕ್ಸೇಟ್ ವಾರದಲ್ಲಿ ಆರು ದಿನ ಹೊಟ್ಟೆ ಸೇರತೊಡಗಿತು.

ಇದು ಏಕೆ ಇಷ್ಟು ಗಂಭೀರ ಎಂದು ಹೇಳಬೇಕು. ಮೆಥೊಟ್ರೆಕ್ಸೇಟ್ ದೇಹದ ಜೀವಕೋಶಗಳು ಫೋಲೇಟ್ ಎಂಬ ಜೀವಸತ್ವವನ್ನು ಬಳಸದಂತೆ ತಡೆಯುತ್ತದೆ. ಫೋಲೇಟ್ ಇಲ್ಲದೆ ಹೊಸ ಜೀವಕೋಶಗಳು ಹುಟ್ಟಲಾರವು. ವಾರಕ್ಕೊಮ್ಮೆ ತೆಗೆದುಕೊಂಡಾಗ ನಡುವಿನ ದಿನಗಳಲ್ಲಿ ದೇಹ ಚೇತರಿಸಿಕೊಳ್ಳುತ್ತದೆ, ಜೊತೆಗೆ ಕೊಡುವ ಫೋಲಿಕ್ ಆಸಿಡ್ ಅಡ್ಡಪರಿಣಾಮಗಳನ್ನು ಕಡಿಮೆ ಮಾಡುತ್ತದೆ. ದಿನವೂ ತೆಗೆದುಕೊಂಡರೆ ಆ ಬಿಡುವು ಸಿಗುವುದಿಲ್ಲ. ಬೇಗ ಬೇಗ ಹುಟ್ಟುವ ಜೀವಕೋಶಗಳಿರುವ ಜಾಗಗಳಿಗೆ, ಎಂದರೆ ಬಾಯಿಯ ಒಳಪದರಕ್ಕೆ ಮತ್ತು ರಕ್ತ ತಯಾರಾಗುವ ಎಲುಬಿನ ಮಜ್ಜೆಗೆ, ಮೊದಲು ಪೆಟ್ಟು ಬೀಳುತ್ತದೆ. ಇದರಿಂದ ಪ್ರಾಣಕ್ಕೇ ಅಪಾಯವಾಗಬಹುದು.

ಅಮ್ಮನಿಗೂ ಬಾಯಿಹುಣ್ಣಿನಿಂದಲೇ ಶುರುವಾಯಿತು. ಗಂಜಿ ಕುಡಿದರೂ ಉರಿ ಎಂದರು. ಉಷ್ಣವಾಗಿರಬೇಕೆಂದು ಎಲ್ಲರೂ ಹೇಳಿದ್ದರಿಂದ ಮಜ್ಜಿಗೆ, ತಂಬುಳಿ ನಡೆಯಿತು. ಆಮೇಲೆ ಜ್ವರ ಬಂತು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದಾಗ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗಿದ್ದವು. ಅಲ್ಲಿದ್ದ ಯುವ ವೈದ್ಯೆ ಬೇರೆ ರಾಜ್ಯದವರು. ಯಾವ ಮದ್ದು, ಎಷ್ಟು ಮಿಲಿಗ್ರಾಂ ಎಂದು ಕೇಳಿದರು. ನನ್ನ ತಮ್ಮ ಗೋಡೆಯಿಂದ ಕಿತ್ತು ತಂದಿದ್ದ ಹಾಳೆಯನ್ನು ಮುಂದಿಟ್ಟ. ಒಂದು ವೇಳೆ ಅವರಿಗೆ ಕನ್ನಡ ಓದಲು ಬರುತ್ತಿದ್ದರೂ ಆ ಹಾಳೆಯಿಂದ ಏನೂ ತಿಳಿಯುತ್ತಿರಲಿಲ್ಲ. ತಂದ ಮಾತ್ರೆಪಟ್ಟಿಯೋ ಕತ್ತರಿಸಿ ಉಳಿದ ತುಂಡು, ಅದರಲ್ಲಿ ಹೆಸರು ಇರಲಿಲ್ಲ. ಮೂಲ ಚೀಟಿ ನನ್ನ ಬಳಿ ಮಂಗಳೂರಿನಲ್ಲಿತ್ತು. ಕೊನೆಗೆ ಮೆಡಿಕಲ್‌ನವರಿಗೆ ಫೋನ್ ಮಾಡಿ, ಅವರು ಬಿಲ್ ಹುಡುಕಿ ಹೆಸರು ಹೇಳಿದ ಮೇಲೆ ವಿಷಯ ಬೆಳಕಿಗೆ ಬಂತು. ಆಮೇಲೆ ಫೋಲಿನಿಕ್ ಆಸಿಡ್ ಕೊಟ್ಟರು. ಅದು ಫೋಲಿಕ್ ಆಸಿಡ್ ಅಲ್ಲ. ಮೆಥೊಟ್ರೆಕ್ಸೇಟ್ ಹೆಚ್ಚಾದಾಗ ಕೊಡುವ ಪ್ರತಿಮದ್ದು, ಬೇಗ ಕೊಟ್ಟಷ್ಟೂ ಒಳ್ಳೆಯದು. ಈ ಎರಡು ಹೆಸರುಗಳು ಕನ್ನಡದಲ್ಲಿ ಎಷ್ಟು ಹತ್ತಿರ ಕಾಣುತ್ತವೆ ಎಂಬುದನ್ನು ಗಮನಿಸಿ. ಅಮ್ಮ ಗುಣವಾದರು.

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ಸರ್ಕಾರಿ ವೈದ್ಯರು ಔಷಧ ಚೀಟಿಯನ್ನು ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಆರೋಗ್ಯ ಸಚಿವರನ್ನು ಕೋರಿತ್ತು. ರೋಗಿಗೆ ತನ್ನ ಮದ್ದು ಅರ್ಥವಾಗಬೇಕೆಂಬ ಕಳಕಳಿಯನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಮಾತ್ರೆಪಟ್ಟಿಯ ಮೇಲೆ ಹೆಸರು ಇಂಗ್ಲಿಷಿನಲ್ಲಿರುವವರೆಗೆ ಚೀಟಿಯಲ್ಲೂ ಅದೇ ಅಕ್ಷರಗಳಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚೀಟಿಯನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಮನೆಯಲ್ಲಿ ನಮಗಿರುವ ಒಂದೇ ಪರೀಕ್ಷೆ. ನಮ್ಮ ಜಿಲ್ಲೆಯ ಆಸ್ಪತ್ರೆಗಳಲ್ಲಿ ಕೇರಳದವರು, ಉತ್ತರ ಭಾರತದವರು ಬಹಳ ಮಂದಿ ಇದ್ದಾರೆ. ತುರ್ತಿನಲ್ಲಿ ಚೀಟಿ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು.

ಆದ್ದರಿಂದ ವೈದ್ಯರಲ್ಲಿ ಕೇಳಬೇಕಾದದ್ದು ಹೀಗೆ: "ಡಾಕ್ಟ್ರೇ, ಹೆಸರು ಮತ್ತು ಪ್ರಮಾಣವನ್ನು ದೊಡ್ಡಕ್ಷರದಲ್ಲಿ ಬರೆಯಿರಿ. ಯಾವುದಕ್ಕೆ, ಯಾವಾಗ, ಎಷ್ಟು ದಿನ ಎಂಬುದನ್ನು ಕನ್ನಡದಲ್ಲಿ ಬರೆಸಿಕೊಡಿ." ಮೊದಲನೆಯದನ್ನು ಕೇಳಲು ಸಂಕೋಚ ಬೇಡ. ಮದ್ದಿನ ಮೂಲ ಹೆಸರನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಮಂಡಳಿಯೇ 2016ರಲ್ಲಿ ನಿಯಮ ಮಾಡಿದೆ. ಎರಡನೆಯದನ್ನು ವೈದ್ಯರೇ ಬರೆಯಬೇಕೆಂದಿಲ್ಲ. ಸಿಸ್ಟರ್ ಅಥವಾ ಫಾರ್ಮಸಿಸ್ಟ್ ಬರೆಯಬಹುದು. ರೋಗಿಗೆ ಮದ್ದಿನ ಬಗ್ಗೆ ತಿಳಿಹೇಳುವುದು ಫಾರ್ಮಸಿಸ್ಟರ ಕೆಲಸವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಲ್ಲಿಯೂ ಇದೆ. ಯಾರೂ ಬರೆದುಕೊಡದಿದ್ದರೆ ಅವರು ಹೇಳಿದ್ದನ್ನು ಅಲ್ಲೇ ನೀವು ಬರೆದು, ಅವರಿಗೆ ಓದಿ ಹೇಳಿ ಸರಿಯೇ ಎಂದು ಕೇಳಿ. ಚೀಟಿಯ ಮೇಲೆ ಮಾತ್ರ ನೀವು ಏನನ್ನೂ ಬರೆಯಬೇಡಿ. ಬೇರೆ ಹಾಳೆಯಲ್ಲಿ ಬರೆದು ಚೀಟಿಯೊಂದಿಗೆ ಪಿನ್ ಮಾಡಿ.

ಈಗ ಅಮ್ಮನ ಹಾಳೆಯಲ್ಲಿ ಮೊದಲ ಎರಡು ಸಾಲುಗಳು ಚೀಟಿಯಲ್ಲಿರುವಂತೆಯೇ ಇವೆ:

```
TAB. METHOTREXATE 7.5 MG
ONCE A WEEK - SUNDAY
```

ಅದರ ಕೆಳಗೆ ಕನ್ನಡದಲ್ಲಿ ಹೀಗಿದೆ: "ಕೀಲುಗಳ ಬಾವು ಇಳಿಯಲು. ಭಾನುವಾರ ರಾತ್ರಿ ಊಟವಾದ ಮೇಲೆ ಮಾತ್ರ. ಬೇರೆ ಯಾವ ದಿನವೂ ಇಲ್ಲ. ನೋವು ಹೆಚ್ಚಾದರೂ ಇನ್ನೊಂದು ತೆಗೆದುಕೊಳ್ಳಬಾರದು. ಬಾಯಿಹುಣ್ಣು, ಜ್ವರ, ಒಣಕೆಮ್ಮು, ಉಸಿರಾಟಕ್ಕೆ ಕಷ್ಟ, ಮೈಮೇಲೆ ನೀಲಿ ಕಲೆ ಕಂಡರೆ ಮುಂದಿನ ಮಾತ್ರೆ ತೆಗೆದುಕೊಳ್ಳದೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು." ಈ ಮಾತುಗಳನ್ನು ವೈದ್ಯರೇ ಒಪ್ಪಿಕೊಟ್ಟಿದ್ದಾರೆ; ನಿಮ್ಮ ಮಾವನ ಮದ್ದಿಗೆ ಬೇರೆಯೇ ಬೇಕಾಗುತ್ತವೆ. ಬಣ್ಣ, ಗಾತ್ರಗಳ ಮಾತು ಎಲ್ಲಿಯೂ ಇಲ್ಲ. ಅಂಕಿಗಳು 7.5 ಎಂದೇ ಇವೆ, ಕನ್ನಡ ಅಂಕಿಗಳಲ್ಲಿ ಇಲ್ಲ. ಕೈಬರಹದಲ್ಲಿ ೬ ಮತ್ತು ೯ ಬಹಳ ಹತ್ತಿರ ಕಾಣುತ್ತವೆ, ಹೊರಗಿನವರಿಗಂತೂ ಓದಲಾಗದು.

ಎಷ್ಟು ಮಾತ್ರೆ ಎಂಬ ಸಾಲನ್ನು ಮಾತ್ರ ಆಸ್ಪತ್ರೆಯಲ್ಲಿ ಬರೆಯಬೇಡಿ, ಮೆಡಿಕಲ್‌ನಲ್ಲಿ ಮಾತ್ರೆಪಟ್ಟಿ ಕೈಗೆ ಬಂದ ಮೇಲೆ ಬರೆಯಿರಿ. ಮೆಥೊಟ್ರೆಕ್ಸೇಟ್ 2.5, 5, 7.5, 10 ಮಿಲಿಗ್ರಾಂ ಮಾತ್ರೆಗಳಾಗಿ ಸಿಗುತ್ತದೆ. 7.5 ಎಂದರೆ 2.5ರ ಮೂರು ಮಾತ್ರೆಯೂ ಆಗಬಹುದು, 7.5ರ ಒಂದೇ ಮಾತ್ರೆಯೂ ಆಗಬಹುದು. ಹಿಂದಿನ ತಿಂಗಳ "ಮೂರು ಮಾತ್ರೆ" ಎಂಬ ಸಾಲು ಗೋಡೆಯಲ್ಲಿ ಉಳಿದು, ಈ ತಿಂಗಳು 7.5ರ ಮಾತ್ರೆ ಬಂದರೆ ಮೂರು ಪಟ್ಟು ಮದ್ದು ಹೊಟ್ಟೆಗೆ ಹೋಗುತ್ತದೆ. ಪ್ರತಿ ಸಲವೂ ಪಟ್ಟಿಯ ಮೇಲಿನ ಮಿಲಿಗ್ರಾಂ ನೋಡಿ ಆ ಸಾಲನ್ನು ಹೊಸದಾಗಿ ಬರೆಯಬೇಕು.

ಅಲ್ಲೇ ಇನ್ನೊಂದನ್ನು ನೋಡಿಕೊಳ್ಳಿ. ಅಂಗಡಿಯವರು ಮದ್ದಿನ ಕವರ್ ಮೇಲೆ ಅಭ್ಯಾಸಬಲದಿಂದ 1-0-1 ಅಥವಾ 0-0-1 ಎಂದು ಬರೆಯುತ್ತಾರೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಈ ಕ್ರಮ ದಿನವೂ ತೆಗೆದುಕೊಳ್ಳುವ ಮದ್ದಿಗೆ ಸರಿ. ವಾರಕ್ಕೊಮ್ಮೆಯ ಮದ್ದಿನ ಮೇಲೆ 0-0-1 ಎಂದು ಬರೆದರೆ ನೋಡಿದವರು ದಿನಾ ರಾತ್ರಿ ಒಂದು ಎಂದೇ ತಿಳಿಯುತ್ತಾರೆ. ಅದನ್ನು ಹೊಡೆದುಹಾಕಿಸಿ, "ಭಾನುವಾರ ಮಾತ್ರ" ಎಂದು ಕನ್ನಡದಲ್ಲಿ ಬರೆಸಿ. ಪಟ್ಟಿ ಕತ್ತರಿಸುವುದಿದ್ದರೆ ಹೆಸರು, ಮಿಲಿಗ್ರಾಂ ಇರುವ ಭಾಗ ನಿಮಗೆ ಸಿಗುವಂತೆ ಕತ್ತರಿಸಲು ಹೇಳಿ.

ಇಂಗ್ಲಿಷ್ ಬಾರದವರು ಹೋಲಿಸುವುದು ಹೇಗೆ ಎಂದು ನಿಮಗೆ ಅನಿಸಬಹುದು. ಅಮ್ಮ ಓದುವುದಿಲ್ಲ, ಅಕ್ಷರಗಳ ಆಕಾರವನ್ನು ನೋಡುತ್ತಾರೆ. ಹಾಳೆಯ ಸಾಲಿನ ಮೇಲೆ ಒಂದು ಬೆರಳು, ಪಟ್ಟಿಯ ಮೇಲೆ ಇನ್ನೊಂದು ಬೆರಳು ಇಟ್ಟು ಒಂದೊಂದೇ ಅಕ್ಷರ ದಾಟುತ್ತಾರೆ. ಕಂಪನಿಯ ಹೆಸರು ಬದಲಾದರೂ ಪಟ್ಟಿಯಲ್ಲಿ ಮೂಲ ಹೆಸರು ಇದ್ದೇ ಇರುತ್ತದೆ. ಅದನ್ನು ಹುಡುಕಲು ಮೊದಲ ಸಲ ನೀವು ತೋರಿಸಿಕೊಡಬೇಕು. ಹೊಂದದಿದ್ದರೆ ಆ ಮಾತ್ರೆ ನುಂಗದೆ ಮೆಡಿಕಲ್‌ಗೆ ಫೋನ್ ಮಾಡಬೇಕೆಂದು ನಮ್ಮಲ್ಲಿ ಮಾತಾಗಿದೆ.

ನಿಮ್ಮ ಮಾವನ ಮದ್ದು ಯಾವುದೆಂದು ನೀವು ಹೇಳಿಲ್ಲ. ಮೆಥೊಟ್ರೆಕ್ಸೇಟ್ ಆಗಿದ್ದು, ದಿನವೂ ತೆಗೆದುಕೊಂಡಿರಬಹುದೆಂಬ ಸಂಶಯ ಸ್ವಲ್ಪವಿದ್ದರೂ ಬಾಯಿಹುಣ್ಣು ಬರಲಿ ಎಂದು ಕಾಯಬೇಡಿ. ಚೀಟಿ, ಮಾತ್ರೆಪಟ್ಟಿ ಎರಡನ್ನೂ ಹಿಡಿದು ಇವತ್ತೇ ಆಸ್ಪತ್ರೆಗೆ ಹೋಗಿ. ಬೇರೆ ಮದ್ದಾಗಿದ್ದರೆ ಮುಂದಿನ ಸಲ ಚೀಟಿ ಬರೆಸುವಾಗ ಮಾವನನ್ನೂ ಜೊತೆಗೆ ಕೂರಿಸಿಕೊಂಡು, ಯಾವುದನ್ನು ಯಾವಾಗ ತೆಗೆದುಕೊಳ್ಳುತ್ತೀರೆಂದು ಅವರ ಬಾಯಿಂದಲೇ ಒಮ್ಮೆ ಹೇಳಿಸಿ. ಚೀಟಿ ಬದಲಾದ ದಿನವೇ ಹಳೆಯ ಹಾಳೆಯನ್ನು ಗೋಡೆಯಿಂದ ತೆಗೆದು, ಹೊಸದರ ಮೇಲೆ ತಾರೀಕು ಹಾಕಿ.